ಸೇಡಂ ರಸ್ತೆಯ ಸಿಮೆಂಟು, ಮಾರಲಾಗದ 500 ಷೇರು

ಕಲಬುರಗಿಯ ನೆಹರೂ ಗಂಜಿನ ಒಂದು ಅಡತ್ ಅಂಗಡಿಯಲ್ಲಿ ನಾನು ಲೆಕ್ಕ ಬರೆಯುತ್ತೇನೆ. ಒಂದು ಮಧ್ಯಾಹ್ನ ಅಕ್ಕನ ಮಗ ಬಂದು ಗಲ್ಲಾಪೆಟ್ಟಿಗೆ ಪಕ್ಕ ಕೂತ. ಮುಖ ಬಾಡಿತ್ತು. ಸ್ನೇಹಿತರ ಗುಂಪಿನಲ್ಲಿ ಯಾರೋ ಹೇಳಿದ್ದರಂತೆ, 80 ರೂಪಾಯಿಯ ಒಂದು ಸಣ್ಣ ಕಂಪನಿಯ ಷೇರನ್ನು 500 ಕೊಂಡಿದ್ದ. 40 ಸಾವಿರ ರೂಪಾಯಿ.

"ಮಾಮಾ, ನಾಕ್ ದಿನ ಆತು. ಮಾರ್‍ಲಿಕ್ಕೆ ಹಾಕ್ತೀನಿ, ಹೋಗವಲ್ದು. ಯಾರೂ ತೊಗೊಳವಲ್ರು."

ಫೋನ್ ನೋಡಿದೆ. ಮಾರುವವರ ಸಾಲಿನಲ್ಲಿ ಲಕ್ಷಗಟ್ಟಲೆ ಷೇರು. ಕೊಳ್ಳುವವರ ಸಾಲಿನಲ್ಲಿ ಸೊನ್ನೆ. ಇದಕ್ಕೆ ಲೋವರ್ ಸರ್ಕ್ಯೂಟ್ ಅಂತಾರೆ. ಒಂದು ಷೇರು ಒಂದು ದಿನದಲ್ಲಿ ಇಂತಿಷ್ಟಕ್ಕಿಂತ ಕೆಳಗೆ ಇಳಿಯಬಾರದು ಅಂತ ಷೇರುಪೇಟೆ ಗೆರೆ ಹಾಕಿರುತ್ತದೆ. ಅದು ಶೇ. 2, 5, 10 ಅಥವಾ 20 ಇರಬಹುದು. ಇವನ ಷೇರಿಗೆ ಇದ್ದದ್ದು ಶೇ. 5. ಬೆಲೆ ಗೆರೆಗೆ ತಾಗಿದ ಮೇಲೆ ಅದಕ್ಕಿಂತ ಕಡಿಮೆಗೆ ಕೊಡುತ್ತೇನೆ ಅನ್ನಲೂ ಆಗದು. ಆ ಬೆಲೆಗೆ ಕೊಳ್ಳುವವರು ಬರುವ ತನಕ ಸಾಲಿನಲ್ಲಿ ಕಾಯಬೇಕು, ಅಷ್ಟೇ.

ಹಾಗಾಗಿ 80 ಇದ್ದದ್ದು ಮೊದಲ ದಿನ 76 ಆಯಿತು. ಮಾರನೇ ದಿನ 72.20. ಆಮೇಲೆ 68.59, ಆಮೇಲೆ 65.16. ಐದನೇ ದಿನ 61.90ಕ್ಕೆ ಬಂದಾಗ ಮಧ್ಯಾಹ್ನ ಯಾರೋ ಕೊಂಡರು, ಇವನದೂ ಹೋಯಿತು. ಕೈಗೆ ಬಂದದ್ದು 30,950 ರೂಪಾಯಿ. 76ರ ಹೊತ್ತಿಗೇ ಇವನು ಹೊರಬೀಳಲು ತಯಾರಿದ್ದ. ಅಂದರೆ 2 ಸಾವಿರ ರೂಪಾಯಿ ಕಳೆದುಕೊಂಡು ಹೊರಡಬೇಕಾದವನು 9 ಸಾವಿರ ಕಳೆದುಕೊಂಡ. ನಡುವಿನ 7 ಸಾವಿರ ತಪ್ಪು ಲೆಕ್ಕಾಚಾರದಿಂದ ಹೋದದ್ದಲ್ಲ. ಬಾಗಿಲು ತೆರೆಯದೇ ಹೋದದ್ದಕ್ಕೆ ಹೋದದ್ದು.

ಲಾರ್ಜ್‌ಕ್ಯಾಪ್, ಮಿಡ್‌ಕ್ಯಾಪ್, ಸ್ಮಾಲ್‌ಕ್ಯಾಪ್ ಅಂತ ಓದುವಾಗ ಎಲ್ಲರೂ "ದೊಡ್ಡದು ನಿಧಾನ, ಸಣ್ಣದು ಜೋರು" ಎಂದು ಹೇಳಿ ಮುಗಿಸಿಬಿಡುತ್ತಾರೆ. ಏಕೆ ಜೋರು? ಎಷ್ಟು ಜೋರು? ಬಾಗಿಲಿನ ಮಾತು ಎಲ್ಲಿ ಬರುತ್ತದೆ? ಇವನಿಗೆ ನಾನು ಹೇಳಿದ್ದು ಇಷ್ಟನ್ನೇ. ಅವನು ಸೇಡಂ ಕಡೆ ಕೆಲಸ ಮಾಡುವವನು. ಹಾಗಾಗಿ ಉದಾಹರಣೆಗೆ ದೂರ ಹೋಗಬೇಕಾಗಲಿಲ್ಲ, ದಿನಾ ಬಸ್ಸಿನ ಕಿಟಕಿಯಲ್ಲಿ ಕಾಣುವ ಚಿಮಣಿಗಳೇ ಸಾಕಾದವು.

ಮೊದಲು ಈ ಹೆಸರುಗಳ ವಿಷಯ. ಕಂಪನಿ ದೊಡ್ಡದೋ ಸಣ್ಣದೋ ಅನ್ನುವುದನ್ನು ಕಾರ್ಖಾನೆ ನೋಡಿ, ಆಳುಗಳನ್ನು ಎಣಿಸಿ ತೀರ್ಮಾನಿಸುವುದಿಲ್ಲ. ಒಂದು ಷೇರಿನ ಬೆಲೆಯನ್ನು ಒಟ್ಟು ಷೇರುಗಳಿಂದ ಗುಣಿಸುತ್ತಾರೆ. ಬರುವ ಮೊತ್ತವೇ ಮಾರುಕಟ್ಟೆ ಮೌಲ್ಯ. ಚಿತ್ತಾಪುರದ ಹತ್ತಿರ ಇಟಗಾದಲ್ಲಿ ಓರಿಯಂಟ್ ಸಿಮೆಂಟಿನ ಕಾರ್ಖಾನೆ ಇದೆಯಲ್ಲ, 2024ರ ಅಕ್ಟೋಬರಿನಲ್ಲಿ ಅದನ್ನು ಕೊಳ್ಳುತ್ತೇನೆ ಅಂತ ಅಂಬುಜಾ ಸಿಮೆಂಟ್ಸ್ ಘೋಷಿಸಿತು. ಷೇರಿಗೆ 395.40 ರೂಪಾಯಿ. ಆ ಕಂಪನಿಯ ಷೇರುಗಳು ಸುಮಾರು 20.5 ಕೋಟಿ. ಗುಣಿಸಿದರೆ ಸುಮಾರು 8,100 ಕೋಟಿ ರೂಪಾಯಿ.

ನಮಗೆ 8,100 ಕೋಟಿ ಅಂದರೆ ತಲೆ ತಿರುಗುತ್ತದೆ. ಪಟ್ಟಿಯಲ್ಲಿ ಮಾತ್ರ ಅದು ಸ್ಮಾಲ್‌ಕ್ಯಾಪ್. ಯಾಕೆಂದರೆ ಇಲ್ಲಿ ಲೆಕ್ಕಕ್ಕೆ ಬರುವುದು ಮೊತ್ತವಲ್ಲ, ಸಾಲಿನಲ್ಲಿ ಎಷ್ಟನೆಯವರು ಅನ್ನುವುದು. ಷೇರುಪೇಟೆಯ ಮೇಲೆ ಕಣ್ಣಿಡುವ ಸರ್ಕಾರಿ ಸಂಸ್ಥೆ ಸೆಬಿ 2017ರ ಅಕ್ಟೋಬರಿನಲ್ಲಿ ಮ್ಯೂಚುವಲ್ ಫಂಡ್‌ಗಳಿಗಾಗಿ ಈ ನಿಯಮ ಮಾಡಿತು. ಮಾರುಕಟ್ಟೆ ಮೌಲ್ಯದ ಪ್ರಕಾರ ಮೊದಲ 100 ಕಂಪನಿ ಲಾರ್ಜ್‌ಕ್ಯಾಪ್. 101ರಿಂದ 250ರವರೆಗೆ ಮಿಡ್‌ಕ್ಯಾಪ್. 251ರಿಂದ ಆಚೆಗೆ ಎಲ್ಲವೂ ಸ್ಮಾಲ್‌ಕ್ಯಾಪ್. ಆರು ತಿಂಗಳ ಸರಾಸರಿ ತೆಗೆದು ವರ್ಷಕ್ಕೆ ಎರಡು ಸಲ ಫಂಡ್ ಕಂಪನಿಗಳ ಒಕ್ಕೂಟವಾದ ಆಂಫಿ ಪಟ್ಟಿ ಹೊರಡಿಸುತ್ತದೆ.

ಗೆರೆ ಒಂದೇ ಕಡೆ ನಿಲ್ಲುವುದಿಲ್ಲ. 2017ರ ಕೊನೆಯಲ್ಲಿ ಲಾರ್ಜ್‌ಕ್ಯಾಪ್ ಆಗಲು ಸುಮಾರು 29 ಸಾವಿರ ಕೋಟಿ ಸಾಕಿತ್ತು. 2024ರ ಕೊನೆಗೆ ಸುಮಾರು 1 ಲಕ್ಷ ಕೋಟಿ ಬೇಕಾಯಿತು. ಮಿಡ್‌ಕ್ಯಾಪಿನ ಹೊಸ್ತಿಲು ಆಗ ಸುಮಾರು 33 ಸಾವಿರ ಕೋಟಿ. ಸ್ಮಾಲ್‌ಕ್ಯಾಪ್ ಅನ್ನುವ ಒಂದೇ ಚೀಲದಲ್ಲಿ 30 ಸಾವಿರ ಕೋಟಿಯ ಕಂಪನಿಯೂ ಇದೆ, ನಮ್ಮ ಹುಡುಗ ಕೊಂಡಿದ್ದ 200 ಕೋಟಿಯ ಕಂಪನಿಯೂ ಇದೆ. ಇವೆರಡೂ ಒಂದೇ ಜಾತಿ ಅಂದುಕೊಂಡರೆ ಮೊದಲ ಮೋಸ ಅಲ್ಲೇ ಆಗುತ್ತದೆ.

ಈಗ ಸೇಡಂ ರಸ್ತೆಗೆ ಬರೋಣ. ಈ ಸೀಮೆಯ ಸುಣ್ಣದ ಕಲ್ಲೇ ಎಲ್ಲರಿಗೂ ಬಂಡವಾಳ. ಮಳಖೇಡದಲ್ಲಿ ಅಲ್ಟ್ರಾಟೆಕ್ ಇದೆ, ನಾವು ಇನ್ನೂ ರಾಜಶ್ರೀ ಅಂತಲೇ ಕರೆಯುತ್ತೇವೆ. ಕೊಡ್ಲಾದಲ್ಲಿ ಶ್ರೀ ಸಿಮೆಂಟ್. ಸೇಡಂನಲ್ಲಿ ವಾಸವದತ್ತ. ವಾಡಿಯಲ್ಲಿ ಎಸಿಸಿ. ನೆಲ ಒಂದೇ, ಕಲ್ಲು ಒಂದೇ, ಬಿಸಿಲೂ ಒಂದೇ. ಆದರೆ ಮಾಲೀಕ ಕಂಪನಿಗಳು ಸಾಲಿನಲ್ಲಿ ಬೇರೆ ಬೇರೆ ಕಡೆ ನಿಂತಿವೆ. ಅಲ್ಟ್ರಾಟೆಕ್ ಲಾರ್ಜ್‌ಕ್ಯಾಪ್. ಎಸಿಸಿ ದೇಶದ ಹಳೇ ಹೆಸರು, 1936ರದ್ದು, ಆದರೂ 2024ರಲ್ಲಿ ಅದು ಮಿಡ್‌ಕ್ಯಾಪ್ ಸಾಲಿನಲ್ಲಿತ್ತು. ವಾಸವದತ್ತದ ಮಾಲೀಕ ಕಂಪನಿ ಕೇಸೋರಾಂ ಸ್ಮಾಲ್‌ಕ್ಯಾಪ್ ಆಗಿತ್ತು.

ಬೆಳವಣಿಗೆಯ ಲೆಕ್ಕ ಇಲ್ಲಿ ಸುಲಭವಾಗಿ ಕಾಣುತ್ತದೆ. ವರ್ಷಕ್ಕೆ 30 ಲಕ್ಷ ಟನ್ ತಯಾರಿಸುವ ಹೊಸ ಘಟಕ ಕಟ್ಟಿದರು ಅಂದುಕೊಳ್ಳಿ. ಅಲ್ಟ್ರಾಟೆಕ್‌ನ ಸಾಮರ್ಥ್ಯ 2024ರಲ್ಲೇ 15 ಕೋಟಿ ಟನ್ ದಾಟಿತ್ತು. ಅದಕ್ಕೆ ಈ ಘಟಕ ಸೇರಿದರೆ ಶೇ. 2ರಷ್ಟು ಬೆಳವಣಿಗೆ. ಓರಿಯಂಟ್‌ನ ಒಟ್ಟು ಸಾಮರ್ಥ್ಯ ಆಗ ಸುಮಾರು 85 ಲಕ್ಷ ಟನ್. ಅದೇ ಘಟಕ ಅಲ್ಲಿ ಸೇರಿದರೆ ಶೇ. 35. ಇಟ್ಟಿಗೆ, ಉಕ್ಕು, ಯಂತ್ರ ಎಲ್ಲ ಅವೇ. ಸಣ್ಣವನ ಕೈಯಲ್ಲಿ ಮಾತ್ರ ಅದು ಹಣೆಬರಹ ಬದಲಿಸುತ್ತದೆ. ಸ್ಮಾಲ್‌ಕ್ಯಾಪಿನಲ್ಲಿ ಹಣ ಬೇಗ ಬೆಳೆಯಬಹುದು ಅನ್ನುವ ಮಾತಿನ ಹಿಂದಿರುವುದು ಈ ಸಾದಾ ಭಾಗಾಕಾರ. ಅದೇ ಭಾಗಾಕಾರ ತಿರುಗಿಯೂ ಹೊಡೆಯುತ್ತದೆ. ಒಂದು ಕುಲುಮೆ ಎರಡು ತಿಂಗಳು ಕೆಟ್ಟು ನಿಂತರೆ ದೊಡ್ಡವನಿಗೆ ಅದು ವರದಿಯಲ್ಲಿ ಒಂದು ಸಾಲು, ಸಣ್ಣವನಿಗೆ ಅರ್ಧ ವರ್ಷದ ಲಾಭ.

ಇನ್ನು ಬೆಲೆಯ ಏರಿಳಿತ. ಇದನ್ನು ಹುಡುಗನಿಗೆ ಹಳೇ ಬಿಲ್ಲಿನ ಹಿಂದೆ ಬರೆದು ತೋರಿಸಿದೆ. ಅಂಕಿಗಳು ಲೆಕ್ಕಕ್ಕಾಗಿ ಇಟ್ಟುಕೊಂಡವು, ಯಾವ ಕಂಪನಿಯದೂ ಅಲ್ಲ.

ದೊಡ್ಡ ಕಂಪನಿಗೆ ಕಲ್ಲಿದ್ದಲು ಅಗ್ಗಕ್ಕೆ ಸಿಗುತ್ತದೆ, ರೈಲು ಸಾಗಣೆಗೆ ಸ್ವಂತ ಏರ್ಪಾಡು ಇರುತ್ತದೆ. ಒಂದು ಟನ್‌ಗೆ ಖರ್ಚು ಕಳೆದು 1,000 ರೂಪಾಯಿ ಉಳಿಯುತ್ತದೆ ಅನ್ನೋಣ. ಬಡ್ಡಿ ಮತ್ತು ಯಂತ್ರದ ಸವಕಳಿಗೆ 350 ತೆಗೆದರೆ 650 ಲಾಭ. ಸಣ್ಣ ಕಂಪನಿಗೆ ಟನ್‌ಗೆ 700 ಉಳಿಯುತ್ತದೆ. ಸಾಲ ಜಾಸ್ತಿ, ಬಡ್ಡಿ ದುಬಾರಿ. 450 ಅದಕ್ಕೇ ಹೋಗುತ್ತದೆ. ಉಳಿಯುವುದು 250.

ಈಗ ಚೀಲದ ಬೆಲೆ 20 ರೂಪಾಯಿ ಇಳಿಯಿತು. ಟನ್‌ಗೆ 20 ಚೀಲ. ಅಂದರೆ ಟನ್‌ಗೆ 400 ರೂಪಾಯಿ ಹೋಯಿತು. ದೊಡ್ಡವನ ಲಾಭ 650ರಿಂದ 250ಕ್ಕೆ ಬಂತು. ನೋವಾಯಿತು, ಆದರೂ ಲಾಭವೇ. ಸಣ್ಣವನದು 250ರಿಂದ 150 ರೂಪಾಯಿ ನಷ್ಟಕ್ಕೆ ಹೋಯಿತು. ಬ್ಯಾಂಕಿನವರು ಬಡ್ಡಿ ಬಿಡುವುದಿಲ್ಲ. ಹೊಸ ಸಾಲ ತಂದು ಹಳೇ ಬಡ್ಡಿ ಕಟ್ಟುವ ಕಾಲ ಶುರುವಾಗುತ್ತದೆ.

ಚೀಲದ ಬೆಲೆ 20 ರೂಪಾಯಿ ಏರಿತು ಅಂದುಕೊಳ್ಳಿ. ದೊಡ್ಡವನ ಲಾಭ 650ರಿಂದ 1,050, ಸುಮಾರು ಶೇ. 62 ಹೆಚ್ಚಳ. ಸಣ್ಣವನದು 250ರಿಂದ 650, ಶೇ. 160 ಹೆಚ್ಚಳ! ಆಗ ಪೇಟೆಯಲ್ಲಿ ಎಲ್ಲರಿಗೂ ಇವನೇ ಬೇಕು. ಮುಂಚೆ ಲಾಭದ 20 ಪಟ್ಟು ಬೆಲೆ ಕೊಡುತ್ತಿದ್ದವರು 30 ಪಟ್ಟು ಕೊಡಲು ತಯಾರಾಗುತ್ತಾರೆ. ಲಾಭ 2.6 ಪಟ್ಟು ಆಯಿತು, ಅದರ ಮೇಲೆ ಕೊಡುವ ಬೆಲೆ ಒಂದೂವರೆ ಪಟ್ಟು ಆಯಿತು. ಎರಡೂ ಗುಣಿಸಿದರೆ ಷೇರು ಸುಮಾರು 4 ಪಟ್ಟು. ಗುಂಪಿನಲ್ಲಿ ಫೋಟೋ ಹಾಕುವವರೆಲ್ಲ ಹುಟ್ಟುವುದು ಈ ಹೊತ್ತಿನಲ್ಲಿ. ಸಿಮೆಂಟ್ ಅದೇ, ಚೀಲ ಅದೇ. ಇಳಿಯುವಾಗಲೂ ಎರಡು ಗುಣಾಕಾರ ಒಟ್ಟಿಗೇ ನಡೆಯುತ್ತವೆ, ಅದನ್ನು ಯಾರೂ ಫೋಟೋ ಹಾಕುವುದಿಲ್ಲ.

ಕೇಸೋರಾಂ ಕಥೆ ಇದಕ್ಕೆ ಹತ್ತಿರದ್ದು. ಕಲ್ಲು ಚೆನ್ನಾಗಿತ್ತು, ಸೇಡಂ ಕಾರ್ಖಾನೆ ಓಡುತ್ತಿತ್ತು. ಕಂಪನಿಯ ತಲೆ ಮೇಲೆ ದುಬಾರಿ ಬಡ್ಡಿಯ ಸಾಲ ಕೂತಿತ್ತು. 2023ರ ನವೆಂಬರ್ 30ರಂದು ಅದರ ಸಿಮೆಂಟ್ ವ್ಯವಹಾರವನ್ನು ಅಲ್ಟ್ರಾಟೆಕ್ ತೆಗೆದುಕೊಳ್ಳುವ ನಿರ್ಧಾರ ಹೊರಬಂತು. ಕೇಸೋರಾಂನ 52 ಷೇರಿಗೆ ಅಲ್ಟ್ರಾಟೆಕ್‌ನ 1 ಷೇರು. ಆಗ ಅಲ್ಟ್ರಾಟೆಕ್ ಸುಮಾರು 9,000 ರೂಪಾಯಿ ಇತ್ತು. ಭಾಗಿಸಿದರೆ ಒಂದು ಕೇಸೋರಾಂ ಷೇರಿಗೆ ಸುಮಾರು 173 ರೂಪಾಯಿ ಮೌಲ್ಯ ಸಿಕ್ಕ ಹಾಗಾಯಿತು. 2025ರ ಮಾರ್ಚ್ 1ರಿಂದ ಆ ಕಾರ್ಖಾನೆ ಅಲ್ಟ್ರಾಟೆಕ್‌ನದು. ಹಿಂದಿನ ದಿನ ಸ್ಮಾಲ್‌ಕ್ಯಾಪ್ ಆಗಿದ್ದ ಕುಲುಮೆ ಮಾರನೇ ದಿನ ಲಾರ್ಜ್‌ಕ್ಯಾಪ್. ಕುಲುಮೆಗೆ ಏನೂ ಗೊತ್ತಾಗಲಿಲ್ಲ. ಬದಲಾದದ್ದು ಅದರ ಹಿಂದಿನ ಸಾಲದ ಭಾರ.

ಈಗ ಬಾಗಿಲಿನ ಮಾತು. ಗಂಜಿಗೆ ತೊಗರಿ ತಂದ ರೈತನನ್ನು ನೋಡಿ. ಸುಗ್ಗಿಯಲ್ಲಿ ರೇಟು ಬಿದ್ದಿರಬಹುದು. ಕ್ವಿಂಟಲ್‌ಗೆ 300 ಕಡಿಮೆ ಕೇಳಬಹುದು. ಆದರೆ ದಾಲ್ ಮಿಲ್ಲಿನವರು, ಹೊರ ಊರಿನ ಖರೀದಿದಾರರು, ಅಡತ್‌ನವರು ಎಲ್ಲ ಇದ್ದಾರೆ. ಸಂಜೆಯೊಳಗೆ ಮಾಲು ಹೋಗಿ ದುಡ್ಡು ಬರುತ್ತದೆ. ಅದೇ ಎರಡು ಚೀಲ ಅಗಸಿ ತಂದರೆ ಕೇಳುವವರು ಒಬ್ಬಿಬ್ಬರು. ಅವರು ಇವತ್ತು ಬೇಡ ಅಂದರೆ ಮುಗಿಯಿತು. ಆಗ ಗೋಡೆ ಮೇಲೆ ಬರೆದ ರೇಟಿಗೆ ಅರ್ಥವೇ ಇಲ್ಲ.

ಅಲ್ಟ್ರಾಟೆಕ್‌ನಂಥ ಷೇರು ತೊಗರಿ ಇದ್ದ ಹಾಗೆ. ಎಲ್‌ಐಸಿ, ಮ್ಯೂಚುವಲ್ ಫಂಡ್‌ಗಳು, ವಿದೇಶಿ ಹೂಡಿಕೆದಾರರು ಎಲ್ಲರೂ ಸದಾ ಅಂಗಳದಲ್ಲಿದ್ದಾರೆ. ಮುಂದಿನ ದಿನಾಂಕಕ್ಕೆ ಇವತ್ತೇ ಬೆಲೆ ಕಟ್ಟುವ ವಾಯಿದೆ ವ್ಯಾಪಾರ ಇರುವ ಇಂಥ ಷೇರುಗಳಿಗೆ ಶೇ. 5ರಂಥ ಗಟ್ಟಿ ಗೆರೆಯೂ ಇರುವುದಿಲ್ಲ. ಕೆಟ್ಟ ಸುದ್ದಿ ಬಂದ ದಿನ ಶೇ. 6 ಬೀಳಬಹುದು, ಆದರೆ ಆ ಬೆಲೆಗೆ ಅದೇ ನಿಮಿಷ ಮಾರಬಹುದು. ನಮ್ಮ ಹುಡುಗನದು ಅಗಸಿ. ಬೆಲೆ ಅಸಹಜವಾಗಿ ಏರಿದ ಸಣ್ಣ ಷೇರುಗಳನ್ನು ಷೇರುಪೇಟೆ ಹೆಚ್ಚುವರಿ ನಿಗಾದಲ್ಲಿ ಇಟ್ಟು ಗೆರೆಯನ್ನು ಶೇ. 5ಕ್ಕೆ ಇಳಿಸುವುದುಂಟು. ಆಟ ಆಡುವವರನ್ನು ತಡೆಯಲು ಹಾಕಿದ ಬೇಲಿ ಅದು. ಒಳಗೆ ಸಿಕ್ಕಿಕೊಂಡವನಿಗೂ ಅದೇ ಬೇಲಿ.

ಫಂಡ್ ಮೂಲಕ ಹೋದರೆ ಈ ತಾಪತ್ರಯ ಇಲ್ಲ ಅಂತ ಜನ ಅಂದುಕೊಳ್ಳುತ್ತಾರೆ. ಅರ್ಧ ನಿಜ. ನಿಮ್ಮ ಯೂನಿಟ್ಟನ್ನು ಫಂಡ್ ವಾಪಸ್ ತೆಗೆದುಕೊಳ್ಳುತ್ತದೆ, ಆದರೆ ಅದೂ ಎಲ್ಲೋ ಷೇರು ಮಾರಿಯೇ ನಿಮಗೆ ದುಡ್ಡು ಕೊಡಬೇಕು. 2024ರ ಮಾರ್ಚಿನಿಂದ ಮಿಡ್‌ಕ್ಯಾಪ್ ಮತ್ತು ಸ್ಮಾಲ್‌ಕ್ಯಾಪ್ ಫಂಡ್‌ಗಳು ಒಂದು ಲೆಕ್ಕ ಹೊರಗಿಡುತ್ತಿವೆ. ತಮ್ಮಲ್ಲಿರುವ ಷೇರುಗಳ ಕಾಲು ಭಾಗ ಮಾರಲು ಎಷ್ಟು ದಿನ ಬೇಕು, ಅರ್ಧ ಭಾಗಕ್ಕೆ ಎಷ್ಟು ದಿನ ಬೇಕು ಅಂತ. ಅರ್ಧ ಭಾಗ ಮಾರಲು ಒಂದು ತಿಂಗಳಿಗೂ ಜಾಸ್ತಿ ಬೇಕು ಅಂತ ಕೆಲವು ದೊಡ್ಡ ಸ್ಮಾಲ್‌ಕ್ಯಾಪ್ ಫಂಡ್‌ಗಳೇ ಆಗ ತೋರಿಸಿದವು. ಫಂಡ್ ಆರಿಸುವಾಗ ಹಿಂದಿನ ಲಾಭಕ್ಕಿಂತ ಮೊದಲು ನಾನು ಈ ಅಂಕಿ ನೋಡುತ್ತೇನೆ.

ಈ ಎಲ್ಲದರ ಪರಿಣಾಮ ಸೂಚ್ಯಂಕದಲ್ಲಿ ಹೇಗೆ ಕಾಣುತ್ತದೆ? 2017ರಲ್ಲಿ 50 ದೊಡ್ಡ ಕಂಪನಿಗಳ ಸೂಚ್ಯಂಕವಾದ ನಿಫ್ಟಿ 50 ಸುಮಾರು ಶೇ. 29 ಏರಿತು, ನಿಫ್ಟಿ ಸ್ಮಾಲ್‌ಕ್ಯಾಪ್ 100 ಸುಮಾರು ಶೇ. 57. ಆ ವರ್ಷದ ಕೊನೆಗೆ ನಾನೂ ಒಳಗೆ ಹೋದೆ. ಗಂಜಿನಲ್ಲಿ ಸಿಕ್ಕ ಬೋನಸ್ಸು ಪೂರಾ ಸಣ್ಣ ಷೇರುಗಳಿಗೆ ಹಾಕಿದೆ. 2018ರಲ್ಲಿ ನಿಫ್ಟಿ ಶೇ. 3 ಏರಿತು, ಸ್ಮಾಲ್‌ಕ್ಯಾಪ್ ಸುಮಾರು ಶೇ. 29 ಬಿತ್ತು. ಟಿವಿಯಲ್ಲಿ ಪೇಟೆ ಚೆನ್ನಾಗಿದೆ ಅನ್ನುತ್ತಿದ್ದರು, ನನ್ನ ಖಾತೆಯಲ್ಲಿ ಮಳೆಯೇ ಇಲ್ಲ. 2019ರಲ್ಲೂ ಅದೇ ಹಾಡು. 2020ರ ಮಾರ್ಚಿನಲ್ಲಿ ಕೊರೊನಾ ಬಂದಾಗ ಆ ಸ್ಮಾಲ್‌ಕ್ಯಾಪ್ ಸೂಚ್ಯಂಕ 2018ರ ಜನವರಿಯ ಎತ್ತರದಿಂದ ಮೂರರಲ್ಲಿ ಎರಡು ಭಾಗದಷ್ಟು ಕಳೆದುಕೊಂಡಿತ್ತು. 100 ರೂಪಾಯಿ 34 ಆದರೆ ಮತ್ತೆ 100 ಆಗಲು ಸುಮಾರು ಮೂರು ಪಟ್ಟು ಏರಬೇಕು. ಏರಿತು ಕೂಡ, 2021ರಲ್ಲಿ. ಮೂರು ವರ್ಷಕ್ಕೂ ಜಾಸ್ತಿ ಹಿಡಿಯಿತು.

ಇಲ್ಲೊಂದು ಸೂಕ್ಷ್ಮ ಇದೆ. ಏರಿದ್ದು ಸೂಚ್ಯಂಕ. ಸೂಚ್ಯಂಕದಲ್ಲಿ ಸತ್ತ ಕಂಪನಿಯನ್ನು ತೆಗೆದು ಹೊಸದನ್ನು ಸೇರಿಸುತ್ತಾರೆ. ನನ್ನ ಖಾತೆಯಲ್ಲಿ ಹಾಗೆ ಮಾಡುವವರು ಯಾರೂ ಇರಲಿಲ್ಲ. ನಾನು ಕೊಂಡಿದ್ದ ಐದರಲ್ಲಿ ಎರಡು ಚೆನ್ನಾಗಿ ಮೇಲೆ ಬಂದವು, ಒಂದು ಅಸಲಿಗೆ ಬಂತು. ಉಳಿದೆರಡು ಇವತ್ತಿಗೂ 10 ರೂಪಾಯಿಯ ಆಸುಪಾಸಿನಲ್ಲಿ ಬಿದ್ದಿವೆ. ಮಾರಿದರೆ ಬ್ರೋಕರೇಜಿಗೆ ಸಾಲದು, ಸುಮ್ನೆ ಇಟ್ಟುಕೊಂಡಿದ್ದೇನೆ.

ಮಿಡ್‌ಕ್ಯಾಪ್ ನಡುವಿನದು, ಅದರ ಏರಿಳಿತವೂ ನಡುವಿನದು. 2018ರಲ್ಲಿ ನಿಫ್ಟಿ ಮಿಡ್‌ಕ್ಯಾಪ್ 100 ಬಿದ್ದದ್ದು ಸುಮಾರು ಶೇ. 15. ಅಲ್ಲಿ ನೋಡಬೇಕಾದದ್ದು ಕಂಪನಿ ಯಾವ ಕಡೆಯಿಂದ ಬಂದಿದೆ ಅನ್ನುವುದು. ಎಸಿಸಿಯಂತೆ ಮೇಲಿನಿಂದ ಇಳಿದು ಬಂದದ್ದೂ ಮಿಡ್‌ಕ್ಯಾಪೇ, ಕೆಳಗಿನಿಂದ ಹತ್ತುತ್ತಿರುವ ಹೊಸ ಕಂಪನಿಯೂ ಮಿಡ್‌ಕ್ಯಾಪೇ. ಕೊಡ್ಲಾದ ಶ್ರೀ ಸಿಮೆಂಟ್ ಹತ್ತಿದವರ ಪೈಕಿ. 2003ರ ಸುಮಾರಿಗೆ ಅದರ ಷೇರು 100 ರೂಪಾಯಿಯ ಒಳಗಿತ್ತು, 2020ರಲ್ಲಿ 20 ಸಾವಿರ ದಾಟಿತ್ತು. ಆ ವರ್ಷದ ಮಾರ್ಚಿನಲ್ಲಿ ಅದು ನಿಫ್ಟಿ 50ಕ್ಕೆ ಸೇರಿತು. ಯಾರ ಜಾಗಕ್ಕೆ ಗೊತ್ತಾ? ಯೆಸ್ ಬ್ಯಾಂಕಿನ ಜಾಗಕ್ಕೆ. 2018ರ ಆಗಸ್ಟಿನಲ್ಲಿ ಸುಮಾರು 400 ರೂಪಾಯಿ ಇದ್ದ ಆ ಷೇರು ಒಂದೂವರೆ ವರ್ಷದಲ್ಲಿ 20ರ ಕೆಳಗೂ ಹೋಗಿ ಬಂತು. ಬ್ಯಾಂಕನ್ನು ಉಳಿಸಲು ಮಾಡಿದ ಯೋಜನೆಯಲ್ಲಿ, 100 ಅಥವಾ ಅದಕ್ಕಿಂತ ಹೆಚ್ಚು ಷೇರು ಇಟ್ಟುಕೊಂಡಿದ್ದವರ ಮುಕ್ಕಾಲು ಪಾಲನ್ನು ಮೂರು ವರ್ಷ ಮಾರದಂತೆ ಕಟ್ಟಿಹಾಕಿದರು. ಒಂದು ಕಾಲದ ಲಾರ್ಜ್‌ಕ್ಯಾಪಿನ ಬಾಗಿಲೂ ಮುಚ್ಚಬಹುದು. ಅಪರೂಪ, ಆದರೆ ಮುಚ್ಚಿದ್ದುಂಟು. ಶ್ರೀ ಸಿಮೆಂಟ್ ಕೂಡ 2022ರ ಸೆಪ್ಟೆಂಬರಿನಲ್ಲಿ ನಿಫ್ಟಿಯಿಂದ ಹೊರಬಂತು.

ಹೊಸಬರು ಒಂದು ಸಣ್ಣ ಷೇರು ಕೊಳ್ಳುವ ಮುನ್ನ ನೋಡಬಹುದಾದದ್ದು ಜಾಸ್ತಿ ಏನಿಲ್ಲ. ಷೇರುಪೇಟೆಯ ಜಾಲತಾಣದಲ್ಲಿ ಕಂಪನಿಯ ಹೆಸರು ಹಾಕಿದರೆ ದಿನದ ಗೆರೆ ಎಷ್ಟು ಅಂತ ಕಾಣುತ್ತದೆ. ಶೇ. 5 ಅಂತಿದ್ದರೆ ಯಾಕೆ ಅಂತ ಕೇಳಿಕೊಳ್ಳಿ. ಕಂಪನಿಯ ಹಿಡಿತ ಇಟ್ಟುಕೊಂಡಿರುವ ಪ್ರವರ್ತಕರು ತಮ್ಮ ಷೇರನ್ನು ಅಡ ಇಟ್ಟಿದ್ದಾರಾ ಅನ್ನುವುದೂ ಅಲ್ಲೇ ಸಿಗುತ್ತದೆ. ಅಡ ಇಟ್ಟಿದ್ದು ಜಾಸ್ತಿ ಇದ್ದರೆ ಬೆಲೆ ಬಿದ್ದಾಗ ಸಾಲ ಕೊಟ್ಟವರೇ ಷೇರು ಮಾರಲು ನಿಲ್ಲುತ್ತಾರೆ, ಬೀಳುವುದು ಇನ್ನೂ ಜೋರಾಗುತ್ತದೆ. ಮತ್ತೆ, ಆ ದುಡ್ಡು ಯಾವಾಗ ಬೇಕು? ಜೂನಿನಲ್ಲಿ ತೊಗರಿ ಬೀಜ, ಗೊಬ್ಬರ ತರಬೇಕಾದ ದುಡ್ಡು ಸ್ಮಾಲ್‌ಕ್ಯಾಪಿಗೆ ಹೋಗಬಾರದು. ಐದಾರು ವರ್ಷ ಮುಟ್ಟದ ದುಡ್ಡು ಹೋಗಬಹುದು, ಅದೂ ಒಂದು ಪಾಲು ಮಾತ್ರ.

ಎರಡು ವಾರ ಬಿಟ್ಟು ಹುಡುಗ ಮತ್ತೆ ಬಂದ. ಅದೇ ಷೇರು 62ರ ಹತ್ತಿರವೇ ನಿಂತಿತ್ತು.

"ಮಾಮಾ, ಈಗ ಸೋವಿ ಆಗೇದ. ಮತ್ತ 500 ತೊಗೊಳ್ಲೇನು?"

ಹಿಂದಿನ ದಿನ ಒಟ್ಟು ಎಷ್ಟು ಷೇರು ಕೈ ಬದಲಾಗಿವೆ ನೋಡು ಅಂದೆ. ಹುಡುಕಿದ. 3,000. ಇಡೀ ದೇಶದಲ್ಲಿ ಒಂದು ದಿನಕ್ಕೆ 3,000.

"ನಿಂದು ಅದ್ರಾಗ ಎಷ್ಟನೇ ಪಾಲು?"

"ಆರನೇ ಪಾಲು," ಅಂದ. ಸ್ವಲ್ಪ ಹೊತ್ತು ಫೋನನ್ನೇ ನೋಡುತ್ತಾ ಕೂತ. ಆಮೇಲೆ ಆರ್ಡರ್ ಅಳಿಸಿ, ಚಹಾ ತರಲು ಹೊರಗೆ ಹೋದ.